ಹೊಸ ಖಾತೆಗೆ ದುಡ್ಡು ಕಳಿಸಲು ಒಂದು ದಿನ ಯಾಕೆ ಕಾಯಬೇಕು?

"ಇಳಕಲ್ ಸೀರೆ ವ್ಯಾಪಾರಿಗೆ ಬಾಗಲಕೋಟೆಯಿಂದ 2 ಲಕ್ಷ ಕಳಿಸಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಅವರ ಖಾತೆ ಸೇರಿಸಿದರೆ, 24 ಗಂಟೆ 50 ಸಾವಿರ ಮಾತ್ರ ಅಂತಿದೆ. ದುಡ್ಡು ನಂದೇ ಅಲ್ವಾ?"

ನಿಮ್ದೇ. ಆದರೆ ಕೇಳುತ್ತಿರುವುದು ನೀವೇನಾ ಅಂತ ಬ್ಯಾಂಕಿಗೆ ಗೊತ್ತಿಲ್ಲ. ನಿಮ್ಮ ಪಾಸ್‌ವರ್ಡ್, ಓಟಿಪಿ ಕದ್ದವನು ಮೊದಲು ಮಾಡುವುದೇ ತನ್ನ ಖಾತೆ ಸೇರಿಸುವುದು. ಐಎಂಪಿಎಸ್‌ನಲ್ಲಿ ದುಡ್ಡು ಕೆಲವೇ ಸೆಕೆಂಡಲ್ಲಿ ಹೋಗುತ್ತದೆ. ಅಲ್ಲಿಂದ ಬೇರೆ ಖಾತೆಗಳಿಗೆ ಹಂಚಿಹೋದರೆ ವಾಪಸ್ ತರುವುದು ಬಲು ಕಷ್ಟ.

ರಾತ್ರಿ 11ಕ್ಕೆ ಕಳ್ಳ ತನ್ನ ಖಾತೆ ಸೇರಿಸಿದ ಅಂದುಕೊಳ್ಳಿ. ನಿಮ್ಮ 2 ಲಕ್ಷದಲ್ಲಿ 50 ಸಾವಿರ ಹೋಗಬಹುದು. ಬೆಳಿಗ್ಗೆ ಬ್ಯಾಂಕಿನ ಎಸ್‌ಎಂಎಸ್ ನೋಡಿ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿದರೆ ಉಳಿದ ಒಂದೂವರೆ ಲಕ್ಷ ಉಳಿಯುತ್ತದೆ. ಎಸ್‌ಎಂಎಸ್ ನೋಡದೇ ಬಿಟ್ಟರೆ ಈ ಕಾವಲು ಸುಮ್ನೆ.

ಮಿತಿ, ಸಮಯ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಅರ್ಜೆಂಟಿದ್ದರೆ ಶಾಖೆಗೆ ಚೆಕ್ ಒಯ್ದು ಆರ್‌ಟಿಜಿಎಸ್ ಮಾಡಿಸಿ.