ಶಾರ್ಪ್ ಒಂದೇ, ಸಾರ್ಟಿನೊ ಬೇರೆ: ಎರಡು ಸ್ಟ್ರಾಟೆಜಿಗಳನ್ನು ತೂಗುವುದು ಹೇಗೆ?

ಪ್ರಶ್ನೆ: ಎರಡು ಸ್ಟ್ರಾಟೆಜಿಗಳ ಒಂದು ವರ್ಷದ ತಿಂಗಳವಾರು ಲೆಕ್ಕ ನನ್ನ ಬಳಿ ಇದೆ. ದುಂಡಗೆ ಹೇಳಿದರೆ, ಮೊದಲನೆಯದು ಹತ್ತು ತಿಂಗಳು ತಲಾ ಶೇ. 1 ಕಳೆದು ಎರಡು ತಿಂಗಳು ತಲಾ ಶೇ. 11 ಗಳಿಸಿದೆ. ಎರಡನೆಯದು ಹತ್ತು ತಿಂಗಳು ತಲಾ ಶೇ. 3 ಗಳಿಸಿ ಎರಡು ತಿಂಗಳು ತಲಾ ಶೇ. 9 ಕಳೆದಿದೆ. ಶಾರ್ಪ್ ರೇಶಿಯೊ ಎರಡಕ್ಕೂ 0.22. ಸಾರ್ಟಿನೊ ರೇಶಿಯೊ ನನಗೆ 1.10 ಮತ್ತು 0.27 ಬಂದರೆ, ಅದೇ ಅಂಕಿಗಳಿಂದ ಗೆಳೆಯರಿಗೆ 1.00 ಮತ್ತು 0.11 ಬಂತು. ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಗೆಳೆಯರ ಲೆಕ್ಕದಲ್ಲಿ ಭಾಗಿಸುವ ಸಂಖ್ಯೆ ತಪ್ಪಿದೆ. ಅಲ್ಲಿಗೆ ಬರುವ ಮುಂಚೆ ಶಾರ್ಪ್ ಏಕೆ ಎರಡನ್ನೂ ಸಮ ಎನ್ನುತ್ತಿದೆ ಎಂದು ನೋಡೋಣ.

ಎರಡರ ಸರಾಸರಿಯೂ ತಿಂಗಳಿಗೆ ಶೇ. 1. ಮೊದಲನೆಯದರಲ್ಲಿ ಹತ್ತು ತಿಂಗಳು ಸರಾಸರಿಗಿಂತ 2 ಕೆಳಗಿವೆ, ಎರಡು ತಿಂಗಳು 10 ಮೇಲಿವೆ. ಎರಡನೆಯದು ಇದರ ಕನ್ನಡಿ ಬಿಂಬ: ಹತ್ತು ತಿಂಗಳು 2 ಮೇಲೆ, ಎರಡು ತಿಂಗಳು 10 ಕೆಳಗೆ. ವರ್ಗ ಮಾಡಿದೊಡನೆ ಮೇಲು ಕೆಳಗಿನ ಗುರುತು ಅಳಿಸಿಹೋಗುತ್ತದೆ. ಎರಡರಲ್ಲೂ ವರ್ಗಗಳ ಮೊತ್ತ 240. ಅದನ್ನು 12ರಿಂದ ಭಾಗಿಸಿದರೆ 20, ಅದರ ವರ್ಗಮೂಲ 4.47. ಇದೇ ಸ್ಟ್ಯಾಂಡರ್ಡ್ ಡೀವಿಯೇಶನ್. ಸರಾಸರಿಯಾದ 1ನ್ನು 4.47ರಿಂದ ಭಾಗಿಸಿದರೆ ಶಾರ್ಪ್ 0.22. ಅಂದರೆ ಮೊದಲನೆಯದು ಶೇ. 11 ಗಳಿಸಿದ ತಿಂಗಳನ್ನೂ ಎರಡನೆಯದು ಶೇ. 9 ಕಳೆದ ತಿಂಗಳನ್ನೂ ಶಾರ್ಪ್ ಒಂದೇ ತೂಕದ ಅಪಾಯವೆಂದು ಎಣಿಸುತ್ತದೆ. ಲಾಭ ನಷ್ಟಗಳು ಸರಾಸರಿಯ ಎರಡೂ ಬದಿಗೆ ಹೆಚ್ಚುಕಡಿಮೆ ಸಮವಾಗಿ ಹರಡಿದ್ದರೆ ಇದರಿಂದ ತೊಂದರೆಯಿಲ್ಲ. ನಿಮ್ಮ ಅಂಕಿಗಳು ಹಾಗಿಲ್ಲ.

ಸಾರ್ಟಿನೊ ಮಾಡುವುದು ಇಷ್ಟೇ: ನೀವು ಒಂದು ಗುರಿ ಇಡುತ್ತೀರಿ, ಅದಕ್ಕಿಂತ ಕೆಳಗಿಳಿದ ತಿಂಗಳ ಕೊರತೆಯನ್ನು ಮಾತ್ರ ವರ್ಗ ಮಾಡುತ್ತೀರಿ. ಗುರಿ ಮುಟ್ಟಿದ ತಿಂಗಳಿಗೆ ಸೊನ್ನೆ ಹಾಕುತ್ತೀರಿ. ಆ ಸೊನ್ನೆಯೂ ಒಂದು ತಿಂಗಳೇ, ಭಾಗಿಸುವಾಗ ಅದನ್ನು ಬಿಡುವ ಹಾಗಿಲ್ಲ. ಗುರಿ ಸೊನ್ನೆ ಎಂದಿಟ್ಟರೆ ಎರಡನೆಯ ಸ್ಟ್ರಾಟೆಜಿಯಲ್ಲಿ 81 ಮತ್ತು 81 ಸೇರಿ 162. ಅದನ್ನು 12ರಿಂದ ಭಾಗಿಸಿದರೆ 13.5, ವರ್ಗಮೂಲ 3.67, ರೇಶಿಯೊ 0.27. ಗೆಳೆಯರು 162ನ್ನು ನಷ್ಟವಾದ 2 ತಿಂಗಳಿಂದ ಮಾತ್ರ ಭಾಗಿಸಿದ್ದಾರೆ. ಹಾಗಾಗಿ ವರ್ಗಮೂಲ 9 ಬಂದು ರೇಶಿಯೊ 0.11ಕ್ಕೆ ಇಳಿದಿದೆ. ಹೀಗೆ ಮಾಡಿದರೆ ನಷ್ಟ ಎಷ್ಟು ಬಾರಿ ಬಂತು ಎಂಬುದೇ ಲೆಕ್ಕದಿಂದ ಜಾರಿಹೋಗುತ್ತದೆ. ವರ್ಷಕ್ಕೆ ಎರಡು ಬಾರಿ ಶೇ. 9 ಕಳೆದರೂ ಐದು ಬಾರಿ ಕಳೆದರೂ ಭಾಜಕ ಅದೇ 9.

ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ, ಅದು ಬಹಳ ಕಡೆ ಕಾಣಸಿಗುತ್ತದೆ: ನಷ್ಟದ ತಿಂಗಳುಗಳನ್ನು ಮಾತ್ರ ಆರಿಸಿ ಅವುಗಳ ಮೇಲೆ ಸ್ಟ್ಯಾಂಡರ್ಡ್ ಡೀವಿಯೇಶನ್ ಫಾರ್ಮುಲಾ ಓಡಿಸುವುದು. ನಿಮ್ಮ ಅಂಕಿಗಳಿಗೆ ಅದನ್ನು ಹಾಕಿ ನೋಡಿ. ಎರಡನೆಯದರ ಎರಡೂ ನಷ್ಟಗಳು ಶೇ. 9 ಆದ್ದರಿಂದ ಅವುಗಳ ನಡುವೆ ವ್ಯತ್ಯಾಸವೇ ಇಲ್ಲ, ಉತ್ತರ ಸೊನ್ನೆ. ಮೊದಲನೆಯದಕ್ಕೂ ಸೊನ್ನೆಯೇ. ಆ ಫಾರ್ಮುಲಾ ಅಳೆಯುವುದು ನಷ್ಟಗಳು ಒಂದಕ್ಕೊಂದು ಎಷ್ಟು ಭಿನ್ನ ಎಂಬುದನ್ನು, ನಷ್ಟ ಎಷ್ಟು ದೊಡ್ಡದು ಎಂಬುದನ್ನಲ್ಲ.

ತಿಂಗಳ ಅಂಕಿಗಳು B2ರಿಂದ B13ರವರೆಗೆ, ಗುರಿ D1ರಲ್ಲಿ ಇದ್ದರೆ ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಬರೆಯಿರಿ:

```
=(AVERAGE(B2:B13)-D1)/SQRT(SUMPRODUCT((B2:B13<D1)*(B2:B13-D1)^2)/COUNT(B2:B13))
```

D1 ಎರಡು ಕಡೆ ಬಂದಿರುವುದನ್ನು ಗಮನಿಸಿ. ಮೇಲೆ ಕಳೆಯುವ ಗುರಿಯೂ ಕೆಳಗೆ ಕೊರತೆ ಅಳೆಯುವ ಗುರಿಯೂ ಒಂದೇ ಇರಬೇಕು, ಎರಡು ಸ್ಟ್ರಾಟೆಜಿಗಳಿಗೂ ಅದೇ ಇರಬೇಕು. ಈ ಒಂದು ಅಂಕಿ ಉತ್ತರವನ್ನು ಎಷ್ಟು ಅಲುಗಾಡಿಸುತ್ತದೆಂದರೆ, ಗುರಿಯನ್ನು ಸೊನ್ನೆಯಿಂದ ತಿಂಗಳಿಗೆ ಶೇ. 0.5ಕ್ಕೆ ಏರಿಸಿದರೆ ನಿಮ್ಮ 1.10 ಇಳಿದು 0.37 ಆಗುತ್ತದೆ, 0.27 ಇಳಿದು 0.13 ಆಗುತ್ತದೆ. ನಾಲ್ಕು ಪಟ್ಟಿದ್ದ ಅಂತರ ಮೂರು ಪಟ್ಟಿಗೂ ಕಡಿಮೆಯಾಯಿತು. ಆದ್ದರಿಂದ ಗುರಿ ಯಾವುದೆಂದು ಹೇಳದೆ ಯಾರಾದರೂ ಸಾರ್ಟಿನೊ ಕೊಟ್ಟರೆ ಅದನ್ನು ಹೋಲಿಕೆಗೆ ಬಳಸಬೇಡಿ.

ಸಾರ್ಟಿನೊ ಅಂಕಿ ಶಾರ್ಪ್‌ಗಿಂತ ದೊಡ್ಡದಿದೆ ಎಂದು ಹಿಗ್ಗುವುದಕ್ಕೂ ಕಾರಣವಿಲ್ಲ. ಅರ್ಧ ಏರಿಳಿತವನ್ನು ಬಿಟ್ಟು ಎಣಿಸಿದರೆ ಭಾಜಕ ಚಿಕ್ಕದಾಗಲೇಬೇಕು. ಸರಾಸರಿ ಶೇ. 1, ಡೀವಿಯೇಶನ್ 4.47 ಇರುವ, ಎರಡೂ ಬದಿಗೆ ಸಮವಾಗಿ ಗಂಟೆಯಾಕಾರದಲ್ಲಿ ಹರಡಿದ ಸ್ಟ್ರಾಟೆಜಿಗೆ ಸೊನ್ನೆ ಗುರಿಯಲ್ಲಿ ಸಾರ್ಟಿನೊ ಸುಮಾರು 0.38 ಬರುತ್ತದೆ, ಅಂದರೆ ಶಾರ್ಪ್‌ನ 1.7 ಪಟ್ಟು. ನಿಮ್ಮ ಮೊದಲನೆಯದು ಸುಮಾರು 4.9 ಪಟ್ಟು, ಎರಡನೆಯದು ಬರೀ 1.2 ಪಟ್ಟು. ಎರಡನ್ನೂ ಒಟ್ಟಿಗೆ ಲೆಕ್ಕಹಾಕುವುದರ ನಿಜವಾದ ಪ್ರಯೋಜನ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಈ ಪಟ್ಟು ಚಿಕ್ಕದಾಗಿದ್ದರೆ ಅಪರೂಪದ ದೊಡ್ಡ ನಷ್ಟ ಒಳಗಿದೆ ಎಂದರ್ಥ. ಆಪ್ಷನ್ ಮಾರಿ ಪ್ರೀಮಿಯಂ ಗಳಿಸುವ ಸ್ಟ್ರಾಟೆಜಿಗಳ ಲೆಕ್ಕ ಸಾಮಾನ್ಯವಾಗಿ ನಿಮ್ಮ ಎರಡನೆಯದರಂತೆ ಇರುತ್ತದೆ, ಟ್ರೆಂಡ್ ಹಿಂಬಾಲಿಸುವವುಗಳದ್ದು ಮೊದಲನೆಯದರಂತೆ.

ಹಾಗಂತ ಸಾರ್ಟಿನೊಗೇ ಕಣ್ಣುಮುಚ್ಚಿ ಶರಣಾಗಬೇಡಿ. ಎರಡನೆಯ ಸ್ಟ್ರಾಟೆಜಿಯ ಆ ಎರಡು ನಷ್ಟಗಳು ಇನ್ನೂ ಬಂದೇ ಇಲ್ಲ ಎಂದುಕೊಳ್ಳಿ. ಆರು ತಿಂಗಳು ಶೇ. 2, ಆರು ತಿಂಗಳು ಶೇ. 4 ಗಳಿಕೆ ಮಾತ್ರ ಕಾಣುತ್ತಿದೆ. ಆಗ ಶಾರ್ಪ್ 3 ಎನ್ನುತ್ತದೆ. ಸಾರ್ಟಿನೊದ ಭಾಜಕ ಸೊನ್ನೆ, ಉತ್ತರ ಅನಂತ. ಅಪಾಯ ಅತಿ ಹೆಚ್ಚು ಅಡಗಿರುವಾಗಲೇ ಅದು ಅತಿ ಹೆಚ್ಚು ಅಂಕ ಕೊಡುತ್ತದೆ, ಏಕೆಂದರೆ ಕಂಡ ನಷ್ಟವನ್ನಷ್ಟೇ ಅದು ಎಣಿಸಬಲ್ಲದು. ನಿಮ್ಮ 0.27 ಕೂಡ ನಿಂತಿರುವುದು ಎರಡೇ ತಿಂಗಳ ಮೇಲೆ. ಅದರಲ್ಲೊಂದು ಮುಂದಿನ ವರ್ಷಕ್ಕೆ ಸರಿದು, ಆ ಜಾಗದಲ್ಲಿ ಇನ್ನೊಂದು ಶೇ. 3 ಬಂದಿದ್ದರೆ ಸರಾಸರಿ ಶೇ. 2 ಆಗಿ, ರೇಶಿಯೊ 0.77 ಆಗುತ್ತಿತ್ತು.

ತಿಂಗಳುಗಳ ಸರದಿ ಎರಡು ರೇಶಿಯೊಗಳಿಗೂ ಕಾಣುವುದಿಲ್ಲ. ಮೊದಲನೆಯದರ ಹತ್ತು ಸಣ್ಣ ನಷ್ಟಗಳು ಸಾಲಾಗಿ ಬಂದರೆ 100 ಇದ್ದದ್ದು 90.4ಕ್ಕೆ ಇಳಿಯುತ್ತದೆ. ಎರಡನೆಯದರ ಒಂದು ನಷ್ಟಕ್ಕಿಂತ ಇದು ತುಸು ಹೆಚ್ಚಿನ ಕುಸಿತ, ಜೊತೆಗೆ ಹತ್ತು ತಿಂಗಳ ತಾಳ್ಮೆಯ ಪರೀಕ್ಷೆ. ಸಾರ್ಟಿನೊ ಇದನ್ನು ಒಂದರ ವರ್ಗ ಒಂದು ಎಂದು ಹತ್ತು ಬಾರಿ ಕೂಡಿ ಮುಂದೆ ಹೋಗುತ್ತದೆ. ಎರಡನೆಯದರ ಎರಡೂ ನಷ್ಟ ಬೆನ್ನುಬೆನ್ನಿಗೆ ಬಂದರೆ 82.8ಕ್ಕೆ ಇಳಿಯುತ್ತದೆ. ಹೀಗಾಗಿ ಗರಿಷ್ಠ ಡ್ರಾಡೌನ್ ಅನ್ನು ಪಕ್ಕದ ಕಾಲಂನಲ್ಲಿ ಬೇರೆಯಾಗಿಯೇ ಬರೆದುಕೊಳ್ಳಿ.

ನಿಮ್ಮ ಕೈಲಿರುವ ಲೆಕ್ಕದ ಮಟ್ಟಿಗೆ ಮೊದಲನೆಯದೇ ಮೇಲು. ಆದರೆ ಅದರ ಇಡೀ ವರ್ಷದ ಲಾಭ ಬಂದಿರುವುದು ಎರಡೇ ತಿಂಗಳಿಂದ. ಅದರಲ್ಲೊಂದು ತಪ್ಪಿ ಶೇ. 1 ನಷ್ಟವಾಗಿದ್ದರೆ ಸರಾಸರಿಯೇ ಸೊನ್ನೆ, ಜೊತೆಗೆ ಎರಡೂ ರೇಶಿಯೊಗಳು ಸೊನ್ನೆ. ಆದ್ದರಿಂದ ಹಣ ಹಾಕುವ ಮೊದಲು ಎರಡಕ್ಕೂ ಒಂದೇ ಅವಧಿಯ ಇನ್ನಷ್ಟು ವರ್ಷಗಳ ಅಂಕಿ ತರಿಸಿಕೊಳ್ಳಿ, ಮಾರುಕಟ್ಟೆ ಜೋರಾಗಿ ಕುಸಿದ ಒಂದು ಕಾಲವಾದರೂ ಅದರೊಳಗೆ ಇರಲಿ.