ಬಿಡಿಸಿಟ್ಟ ಘನದಲ್ಲಿ ಎದುರು ಮುಖ ಕಂಡುಹಿಡಿಯುವುದು ಹೇಗೆ?

ಪ್ರಶ್ನೆ: ಫೋಟೋದಲ್ಲಿರುವ ಮೆಟ್ಟಿಲಿನಂಥ ಆಕೃತಿಯನ್ನು ಮಡಚಿ ದಾಳ ಮಾಡಿದರೆ 2ರ ಎದುರು ಯಾವ ಸಂಖ್ಯೆ ಬರುತ್ತದೆ?

ಉತ್ತರ: 5 ಬರುತ್ತದೆ. ಫೋಟೋದಲ್ಲಿರುವ ಜೋಡಣೆ ಇದು:

```
1 2
  3 4
    5 6
```

ಒಂದೇ ಸಾಲಿನಲ್ಲಿ ಮೂರು ಚೌಕ ಇದ್ದರೆ ಕೆಲಸ ಸುಲಭ. ನಡುವಿನದನ್ನು ಬಿಟ್ಟು ಆಚೀಚೆಯವು ಎದುರುಬದುರು. ಇಲ್ಲಿ ಅಂಥ ಸಾಲೇ ಇಲ್ಲ, ಅದಕ್ಕೇ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. ಆಗ Z ಆಕಾರ ಹುಡುಕಿ. ನಡುವೆ ಒಂದು ಪಟ್ಟಿ, ಅದರ ಒಂದು ತುದಿಯಿಂದ ಒಂದು ಕಡೆಗೆ, ಇನ್ನೊಂದು ತುದಿಯಿಂದ ವಿರುದ್ಧ ಕಡೆಗೆ ಒಂದೊಂದು ಚೌಕ ಚಾಚಿದ್ದರೆ, ಆ ಎರಡೂ ಎದುರು ಮುಖಗಳು.

ನಿಮ್ಮ ಚಿತ್ರದಲ್ಲಿ 3 ಮತ್ತು 4 ನಡುವಿನ ಪಟ್ಟಿ. 3ರ ಮೇಲೆ 2 ಇದೆ, 4ರ ಕೆಳಗೆ 5 ಇದೆ. ಮನಸ್ಸಿನಲ್ಲೇ ಮಡಚಿ ನೋಡಿ. 3 ತಳ ಎಂದುಕೊಳ್ಳಿ. 2 ಹಿಂದಿನ ಗೋಡೆಯಾಗಿ ಏಳುತ್ತದೆ, 4 ಬಲಗೋಡೆಯಾಗುತ್ತದೆ. 4ಕ್ಕೆ ಅಂಟಿದ 5 ತಿರುಗಿ ಮುಂದಿನ ಗೋಡೆಯಾಗುತ್ತದೆ. ಹಿಂದಿನದಕ್ಕೆ ಮುಂದಿನದು ಎದುರು, ಅಲ್ವಾ? ಹಾಗೆಯೇ 1-2-3-4 ಇನ್ನೊಂದು Z, ಆದ್ದರಿಂದ 1ರ ಎದುರು 4. ಉಳಿದ 3 ಮತ್ತು 6 ತಾವಾಗಿಯೇ ಜೋಡಿ.

ಉತ್ತರ ಸರಿಯೇ ಎಂದು ನೋಡಲು ಒಂದು ದಾರಿ ಇದೆ. ಚಿತ್ರದಲ್ಲಿ ಅಂಚು ಅಥವಾ ಮೂಲೆ ತಾಗುವ ಚೌಕಗಳು ಎಂದೂ ಎದುರುಬದುರಾಗುವುದಿಲ್ಲ. 2 ಮತ್ತು 4 ಮೂಲೆಯಲ್ಲಿ ತಾಗುತ್ತವೆ, ಹಾಗಾಗಿ ಆ ಆಯ್ಕೆಯನ್ನು ಕೂಡಲೇ ಹೊಡೆದುಹಾಕಬಹುದು.

ಎದುರು ಮುಖಗಳ ಮೊತ್ತ 7 ಎಂಬ ಲೆಕ್ಕವನ್ನು ಇಲ್ಲಿ ಸುಮ್ನೆ ಬಳಸಬೇಡಿ. 2-5 ಜೋಡಿಗೆ ಅದು ಹೊಂದಿದ್ದು ಕಾಕತಾಳೀಯ. 1 ಮತ್ತು 4ರ ಮೊತ್ತ 5, 3 ಮತ್ತು 6ರ ಮೊತ್ತ 9.