ಮಲ ಪರೀಕ್ಷೆಯಲ್ಲಿ ಸಿಗದ ಹುಳ

"ಮೂರು ವಾರದ ಹಿಂದೆ ಕೆಂಡದಲ್ಲಿ ಸುಟ್ಟ ಹಂದಿ ಮಾಂಸ ತಿಂದೆ, ನಡುವೆ ಹಸಿ ಇತ್ತು. ಈಗ ಕಣ್ಣಿನ ರೆಪ್ಪೆ ಊದಿದೆ, ಮೈಕೈ ನೋವು, ಜ್ವರ. ಮಲ ಪರೀಕ್ಷೆಯಲ್ಲಿ ಹುಳ ಇಲ್ಲ ಅಂತ ಬಂತು. ನಿಶ್ಚಿಂತೆಯಾಗಿರಬಹುದಾ?"

ಆ ರಿಪೋರ್ಟ್ ನಂಬಿ ಕೂರಬೇಡಿ. ಹಸಿ ಹಂದಿ ಮಾಂಸದಿಂದ ಬರುವ ಟ್ರೈಕಿನೆಲ್ಲಾ ಎಂಬ ಹುಳ ಮಲದಲ್ಲಿ ಸಿಗುವುದೇ ಅಪರೂಪ. ಮಾಂಸದೊಳಗೆ ಸುರುಳಿ ಸುತ್ತಿಕೊಂಡ ಮರಿಹುಳಗಳು ನಮ್ಮ ಹೊಟ್ಟೆಯಲ್ಲಿ ಕೋಶದಿಂದ ಹೊರಬಂದು, ಸಣ್ಣ ಕರುಳಲ್ಲಿ ಬೆಳೆಯುತ್ತವೆ. ಹೆಣ್ಣುಹುಳ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ. ಆ ಮರಿಗಳು ರಕ್ತದಲ್ಲಿ ಸಾಗಿ ಸ್ನಾಯು ಸೇರುತ್ತವೆ. ನೋವು ಅದರದ್ದೇ ಇರಬಹುದು.

ಮೊದಲು ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಮತ್ತು ಸ್ನಾಯುವಿಗೆ ಪೆಟ್ಟಾದಾಗ ಏರುವ ಸಿಕೆ ಎಂಬ ಕಿಣ್ವ ನೋಡಿಸಿ. ಎರಡೂ ಜಾಸ್ತಿ ಇದ್ದರೆ ಅನುಮಾನ ಬಲವಾಗುತ್ತದೆ. ಆಮೇಲೆ ಹುಳದ ವಿರುದ್ಧ ದೇಹ ಮಾಡುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಎಲೈಸಾ ಪರೀಕ್ಷೆ. ಪ್ರತಿಕಾಯ ಮೂಡಲು ಕೆಲವು ವಾರ ಬೇಕು, ಹಾಗಾಗಿ ಈಗ ನೆಗೆಟಿವ್ ಬಂದರೂ ಮತ್ತೆ ಮಾಡಿಸಬೇಕು. ಗೊಂದಲ ಉಳಿದರೆ ಭುಜದ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೂತ್ರವನ್ನೂ ಪರೀಕ್ಷಿಸಿ, ರೆಪ್ಪೆ ಊತ ಕಿಡ್ನಿಯಿಂದಲೂ ಬರುತ್ತದೆ.

ಇಲ್ಲಿ ಈ ಸೋಂಕು ಅಪರೂಪ, ಹಾಗಾಗಿ ಡಾಕ್ಟರಿಗೆ ಮಾಂಸದ ವಿಷಯ ನೀವಾಗಿಯೇ ಹೇಳಿ, ನಾಳೆಯೇ ಹೋಗಿ. ಎದೆ ನೋವು, ಉಸಿರಾಟದ ತೊಂದರೆ ಇದ್ದರೆ ಈಗಲೇ.

ಅಂದಹಾಗೆ, ನಮ್ಮ ಮಂಗಳೂರಿನ ಹಂದಿ ಬಫಾತ್ ಚೆನ್ನಾಗಿ ಕುದಿಯುತ್ತದೆ, ಅದರಲ್ಲಿ ಮರಿ ಉಳಿಯುವುದಿಲ್ಲ. ಕೆಂಡದ ಮೇಲಿನ ದಪ್ಪ ತುಂಡು ಹೊರಗೆ ಕರಿ, ಒಳಗೆ ಹಸಿ. ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.